ಅಕ್ಕಿ ಡಬ್ಬಿಯ ಇರುವೆ ಮತ್ತು ‘ಇಷ್ಟಕ್ಕೆಲ್ಲಾ’

ಬೆಳಿಗ್ಗೆ ಐದೂವರೆಗೆ ಎದ್ದು ಫೋನ್ ನೋಡಿದರೆ ಮನೆಯ ಗ್ರೂಪಿನಲ್ಲಿ ದೊಡ್ಡಮ್ಮನ ಫಾರ್ವರ್ಡ್. ಕನಸಿನಲ್ಲಿ ಜೇನು ಕಂಡರೆ ಧನಲಾಭ, ಇರುವೆ ಕಂಡರೆ ಬಡ್ತಿ, ನೊಣ ಕಂಡರೆ ಶತ್ರುಕಾಟ. ಕೆಳಗೆ ಹನ್ನೆರಡು ಜನ ಕೈ ಮುಗಿದಿದ್ದಾರೆ. ನಾನು ಆಗಷ್ಟೇ ಇರುವೆಯ ಕನಸಿನಿಂದ ಎದ್ದು ಕೂತಿದ್ದೆ. ಬಡ್ತಿಯಂತೆ! ನಮ್ಮ ಸ್ಕೂಲಿನಲ್ಲಿ ಇರುವೆಯಲ್ಲ, ಆನೆ ಬಂದು ಹೇಳಿದರೂ ಬಡ್ತಿ ಸಿಗುವುದಿಲ್ಲ, ನಿಮಗೆಲ್ಲಾ ಗೊತ್ತೇ ಇದೆ.

ಕನಸು ಹೀಗಿತ್ತು. ಅಕ್ಕಿ ಡಬ್ಬಿಯ ಮುಚ್ಚಳ ತೆಗೆಯುತ್ತೇನೆ, ಅಕ್ಕಿ ಅಲುಗಾಡುತ್ತಿದೆ. ನೋಡಿದರೆ ಅಕ್ಕಿಯೇ ಅಲ್ಲ, ಪೂರ್ತಿ ಇರುವೆ. ಪಾವು ಹಾಕಿ ತೆಗೆದಷ್ಟೂ ಕೆಳಗಿನಿಂದ ಬರುತ್ತವೆ. ಮುಂಗೈ ದಾಟಿ ಮೊಣಕೈವರೆಗೆ ಹತ್ತಿದವು. ಒಂದೂ ಕಚ್ಚಲಿಲ್ಲ. ಅದೇ ನನಗೆ ಜಾಸ್ತಿ ಸಿಟ್ಟು ತರಿಸಿದ್ದು. ಒಂದಾದರೂ ಕಚ್ಚಿದ್ದರೆ ಅದನ್ನು ಹಿಡಿದು ಹೊಸಕಬಹುದಿತ್ತು.

ಇದನ್ನು ಕಾಫಿ ಕುಡಿಯುತ್ತಾ ಇವರಿಗೆ ಹೇಳಿದೆ. ಪೇಪರ್‌ನಿಂದ ತಲೆ ಎತ್ತದೇ “ಇಷ್ಟಕ್ಕೆಲ್ಲಾ ಯಾಕೆ ತಲೆ ಕೆಡಿಸ್ಕೋತೀಯ” ಅಂದರು. ಈ ಪೋಸ್ಟ್ ಹುಟ್ಟಿದ್ದು ಆ ಒಂದು ಮಾತಿಗೆ.

ಯಾಕೆಂದರೆ ಕನಸೇ ಆ ‘ಇಷ್ಟಕ್ಕೆಲ್ಲಾ’ದ್ದು ಕಣ್ರೀ. ಹಳೇ ನೋಟ್‌ಬುಕ್ ತೆಗೆದು ಹಿಂದಿನ ದಿನ ಏನೇನಾಯಿತು ಅಂತ ಬರೆದೆ. ಗ್ಯಾಸ್ ಬುಕ್ ಮಾಡಲು ಓಟಿಪಿ ಬರಲಿಲ್ಲ. ಮಗನ ನೀರಿನ ಬಾಟಲಿಯ ಮುಚ್ಚಳ ಕಳೆದುಹೋಗಿದೆ, ಈ ವರ್ಷ ಮೂರನೆಯದು. ಕೆಳಗಿನ ಮನೆಯ ಹುಡುಗ ಸ್ಕೂಟರನ್ನು ಮತ್ತೆ ನಮ್ಮ ಗೇಟಿಗೆ ಅಡ್ಡ ನಿಲ್ಲಿಸಿದ್ದ. ಅಂಕ ತುಂಬುವ ವೆಬ್‌ಸೈಟು ಮೂರು ಸಲ ಹೊರಗೆ ತಳ್ಳಿತು, ಮೂರನೇ ಸಲ ಒಂದು ಇಡೀ ಸೆಕ್ಷನ್ನಿನ ಅಂಕ ಮಾಯ. ಟೈಲರ್ “ನಾಳೆ ಪಕ್ಕಾ ಮೇಡಂ” ಅಂದ, ನಾಲ್ಕನೇ ನಾಳೆ. ಹೀಗೆ ಬರೆಯುತ್ತಾ ಹೋದರೆ ಹದಿನಾಲ್ಕು ಬಂತು. ಯಾವುದನ್ನೂ ಯಾರ ಹತ್ತಿರವೂ ಹೇಳಿರಲಿಲ್ಲ. ಹೇಳುವಂಥದ್ದಲ್ಲವಲ್ಲ! ಬಾಟಲಿ ಮುಚ್ಚಳ ಕಳೆದುಹೋಯಿತು ಅಂತ ಯಾರಾದರೂ ಅಳುತ್ತಾರಾ?

ಹಗಲು ಒಂದೊಂದನ್ನೂ “ಬಿಡು, ಸಣ್ಣದು” ಅಂತ ತಳ್ಳಿದೆ. ತಳ್ಳಿದ್ದೆಲ್ಲಾ ರಾತ್ರಿ ಒಟ್ಟಿಗೆ ಬಂತು. ಒಂದು ದೊಡ್ಡ ಕಷ್ಟ ಇದ್ದಿದ್ದರೆ ನಾಯಿಯೋ ಹಾವೋ ಅಟ್ಟಿಸಿಕೊಂಡು ಬರುತ್ತಿತ್ತೇನೋ. ಇದಕ್ಕೆ ಇರುವೆಯೇ ಸರಿ.

ಸಣ್ಣದು ಅಂತ ತಳ್ಳುವ ಚಾಳಿ ಮನೆಯಲ್ಲಿ ಮಾತ್ರ ಇಲ್ಲ, ಓದಿದವರಲ್ಲೂ ಇತ್ತು. 1967ರಲ್ಲಿ ಹೋಮ್ಸ್ ಮತ್ತು ರಾಹೆ ಅನ್ನುವ ಇಬ್ಬರು ಒತ್ತಡ ಅಳೆಯಲು 43 ಘಟನೆಗಳ ಪಟ್ಟಿ ಮಾಡಿದರು. ಗಂಡ ಅಥವಾ ಹೆಂಡತಿ ಸತ್ತರೆ 100 ಅಂಕ, ವಿಚ್ಛೇದನಕ್ಕೆ 73, ಹೀಗೆ ಇಳಿಯುತ್ತಾ ಹೋಗುತ್ತದೆ. ಬಿ.ಎಡ್ ಮಾಡುವಾಗ ಇದನ್ನು ಉರು ಹೊಡೆದಿದ್ದೆ. 1981ರಲ್ಲಿ ರಿಚರ್ಡ್ ಲಜಾರಸ್ ಮತ್ತು ಜೊತೆಯವರು ಬೇರೆ ಪಟ್ಟಿ ಹಿಡಿದು ಬಂದರು. ಅದರಲ್ಲಿ 117 ಕಿರಿಕಿರಿಗಳು. ವಸ್ತು ಎಲ್ಲೋ ಇಟ್ಟು ಮರೆಯುವುದು, ಬೆಲೆ ಏರಿಕೆ, ತೂಕ, ಇಂಥವು. ನೂರು ಜನ ಮಧ್ಯವಯಸ್ಸಿನವರಿಗೆ ಕೊಟ್ಟು ತಿಂಗಳು ತಿಂಗಳು ಗುರುತು ಹಾಕಿಸಿದರು. ಮನಸ್ಸು ಎಷ್ಟು ಕೆಟ್ಟಿದೆ ಅನ್ನುವುದನ್ನು ದೊಡ್ಡ ಘಟನೆಗಳಿಗಿಂತ ಈ ಚಿಲ್ಲರೆ ಕಾಟಗಳೇ ಚೆನ್ನಾಗಿ ಹೇಳಿದವು. ಮೊದಲೇ ಬೇಸರದಲ್ಲಿದ್ದವರು ಜಾಸ್ತಿ ಗುರುತು ಹಾಕುತ್ತಾರೆ ಅಂತ ಆಮೇಲೆ ತಕರಾರೂ ಬಂತು. ಇರಬಹುದು. ಬೇಸರದಲ್ಲಿದ್ದವರ ಮನೆಯ ಓಟಿಪಿ ಬೇಗ ಬರುತ್ತದಾ?

ಇನ್ನು ಹುಳುಗಳ ಕನಸು. 2020ರಲ್ಲಿ ಕೋವಿಡ್ ಬಂದಾಗ ಹಾರ್ವರ್ಡ್‌ನ ಡೀರ್ಡ್ರೆ ಬ್ಯಾರೆಟ್ ಜನರ ಕನಸುಗಳನ್ನು ಸಂಗ್ರಹಿಸಿದರು. ಹಾರುವ ಹುಳುಗಳ ಹಿಂಡು, ಜಿರಲೆಗಳ ಸೈನ್ಯ, ಇಂಥ ಕನಸುಗಳು ರಾಶಿ ರಾಶಿ ಬಂದವು. ಅವರು ಎರಡು ಕಾರಣ ಹೇಳಿದರು. ಒಂದು, ಇಂಗ್ಲಿಷಿನಲ್ಲಿ ಕಾಯಿಲೆ ಬಂದರೆ ‘ಬಗ್’ ಹಿಡಿಯಿತು ಅನ್ನುತ್ತಾರೆ, ಕನಸು ಆ ಮಾತಿನ ಜೊತೆ ಆಟ ಆಡುತ್ತದೆ. ಎರಡು, ಒಂದೊಂದೇ ಆದರೆ ಲೆಕ್ಕಕ್ಕಿಲ್ಲದ, ಸೇರಿದರೆ ಕೊಲ್ಲಬಲ್ಲ ಸಣ್ಣವು ಅನ್ನುವ ಭಾವಕ್ಕೆ ಹುಳುಗಳ ಹಿಂಡು ಸರಿಯಾಗಿ ಹೊಂದುತ್ತದೆ. ಮೊದಲನೆಯದಕ್ಕೆ ನಮ್ಮಲ್ಲೂ ಸರಕು ಇದೆ. “ತಲೆಗೆ ಹುಳ ಬಿಟ್ಟ” ಅನ್ನುವುದಿಲ್ಲವಾ? ನನ್ನ ತಲೆಗೆ ಹದಿನಾಲ್ಕು ಜನ ಒಂದೊಂದು ಬಿಟ್ಟಿದ್ದರು.

ನಮ್ಮ ನಾದಿನಿ ಇದನ್ನೆಲ್ಲಾ ಒಪ್ಪುವುದಿಲ್ಲ. ಅವಳು ಡಾಕ್ಟರು. “ಅತ್ತಿಗೆ, ನಿದ್ದೆಯಲ್ಲಿ ಮಿದುಳು ಸುಮ್ನೆ ಸಿಗ್ನಲ್ ಬಿಡುತ್ತೆ, ಅದನ್ನೇ ಮಿದುಳು ಕಥೆ ಕಟ್ಟುತ್ತೆ, ಅಷ್ಟೇ” ಅಂತಾಳೆ. 1977ರಲ್ಲಿ ಹಾಬ್ಸನ್ ಮತ್ತು ಮೆಕಾರ್ಲಿ ಅನ್ನುವ ಇಬ್ಬರು ಮನೋವೈದ್ಯರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಇರಲಿ ತಾಯಿ. ನನ್ನ ಅಡುಗೆಮನೆಯಲ್ಲಿ ಇರುವೆ ವರ್ಷವಿಡೀ ಇದೆ. ಕನಸಿಗೆ ಬರುವುದು ಮಾತ್ರ ಅಂಕ ತುಂಬುವ ವಾರ. ಸಿಗ್ನಲ್ಲಿಗೂ ಸ್ಕೂಲಿನ ಕ್ಯಾಲೆಂಡರು ಗೊತ್ತಾ?

ಅವಳು ಹೇಳಿದ ಒಂದು ಮಾತು ಮಾತ್ರ ಒಪ್ಪಿದೆ, ಅರ್ಥ ಹುಡುಕುವ ಮೊದಲು ಮೈ ನೋಡಿಕೊಳ್ಳಬೇಕು. ಕೈ ಅಡಿಯಲ್ಲಿ ಸಿಕ್ಕಿ ಜೋಮು ಹಿಡಿದಿದ್ದರೆ ಕನಸಿನಲ್ಲಿ ಇರುವೆ ಹರಿಯಬಹುದು. ಕಿವಿಯ ಹತ್ತಿರ ಸೊಳ್ಳೆ ಗುಂಯ್ ಅಂದರೆ ಜೇನು ಏಳಬಹುದು. ಎಚ್ಚರವಾದ ಮೇಲೂ ಕಣ್ಣು ಬಿಟ್ಟುಕೊಂಡೇ ಗೋಡೆ ಮೇಲೆ ಹುಳ ಕಂಡು ಆಮೇಲೆ ಮಾಯವಾದರೆ ಅದು ಅರ್ಧ ಎಚ್ಚರದ ಭ್ರಮೆ, ಬೇರೆ ವಿಷಯ. ಹೊಸ ಮಾತ್ರೆ ಶುರು ಮಾಡಿದ ಮೇಲೆ, ಅಥವಾ ಕುಡಿತ ಇದ್ದಕ್ಕಿದ್ದ ಹಾಗೆ ಬಿಟ್ಟ ಮೇಲೆ ಹಗಲಲ್ಲೂ ಹುಳ ಕಂಡರೆ ನೋಟ್‌ಬುಕ್ ಬೇಡ, ಡಾಕ್ಟರ ಹತ್ತಿರ ಹೋಗಿ. ನನ್ನ ಕೈ ಸರಿಯಾಗಿಯೇ ಇತ್ತು. ನೋಡಿಕೊಂಡೆ.

ದೊಡ್ಡಮ್ಮನಿಗೆ ಒಂದು ಮಾತು (ಅವರು ಫೇಸ್‌ಬುಕ್ಕಿನಲ್ಲಿ ಇಲ್ಲ, ಆ ಧೈರ್ಯಕ್ಕೆ ಬರೆಯುತ್ತಿದ್ದೇನೆ). ಎರಡನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಕನಸಿನ ಪುಸ್ತಕ ಬರೆದ ಆರ್ಟೆಮಿಡೋರಸ್ ಕೂಡ ಹೀಗೆ ಎಲ್ಲರಿಗೂ ಒಂದೇ ಫಲ ಹಂಚಲಿಲ್ಲ. ಜೇನಿನ ಕನಸು ರೈತನಿಗೆ, ಜೇನು ಸಾಕುವವನಿಗೆ ಒಳ್ಳೆಯದು, ಉಳಿದವರಿಗೆ ಗದ್ದಲ, ತೊಂದರೆ ಅಂದ. ಅಂದರೆ ಕನಸು ಕಂಡವರು ಯಾರು, ಏನು ಕೆಲಸ ಮಾಡುತ್ತಾರೆ ಅಂತ ಮೊದಲು ಕೇಳಬೇಕು. ಆ ಹನ್ನೆರಡು ಜನರಲ್ಲಿ ಒಬ್ಬರೂ ನನ್ನನ್ನು ಕೇಳಲಿಲ್ಲ.

ಮಲೆನಾಡಿನವರಿಗೆ ಗೊತ್ತಿರುತ್ತದೆ, ಜೇನು ಒಂದು ಕಡಿದರೆ ಅಲ್ಲಿ ನಿಲ್ಲಬಾರದು. ಚುಚ್ಚಿದ ಜಾಗದಿಂದ ಒಂದು ವಾಸನೆ ಏಳುತ್ತದೆ, ಬಾಳೆಹಣ್ಣಿನ ಥರ. ಉಳಿದವು ಆ ಗುರುತು ಹಿಡಿದು ಅಲ್ಲಿಗೇ ಬರುತ್ತವೆ. ನಿನ್ನೆ ನನಗೂ ಹಾಗೇ ಆಯಿತು. ಬೆಳಿಗ್ಗೆಯ ಓಟಿಪಿ ಚುಚ್ಚಿದ ಮೇಲೆ ಸ್ಕೂಟರೂ ಅಲ್ಲಿಗೇ ಬಂತು, ಟೈಲರೂ ಅಲ್ಲಿಗೇ ಬಂದ. ಸಂಜೆ ಮಗ ಮುಚ್ಚಳದ ವಿಷಯ ಹೇಳಿದಾಗ ನಾನು ಕಿರುಚಿದ ರೀತಿಗೆ ಪಕ್ಕದ ಮನೆಯವರು ಟೀವಿ ಸಣ್ಣ ಮಾಡಿದರು. ನಲವತ್ತು ರೂಪಾಯಿ ಮುಚ್ಚಳಕ್ಕೆ.

ಪಟ್ಟಿಯ ಹದಿನಾಲ್ಕನೆಯದನ್ನು ಇನ್ನೂ ಹೇಳಿಲ್ಲ. ಬರೆಯುವಾಗಲೂ ಕೊನೆಗೇ ನೆನಪಾಗಿದ್ದು ಅದು. ಮೊನ್ನೆಯಿಂದ ಊರಿನಿಂದ ಅಮ್ಮ ಫೋನ್ ಮಾಡುತ್ತಿದ್ದಾರೆ. ಬಚ್ಚಲ ನಲ್ಲಿ ಸೋರುತ್ತಿದೆಯಂತೆ, ರಾತ್ರಿಯೆಲ್ಲಾ ಟಪ್ ಟಪ್ ಅಂತ ನಿದ್ದೆ ಬರುವುದಿಲ್ಲವಂತೆ. ನಿನ್ನೆ ಮೂರನೇ ಸಲ ಮಾಡಿದಾಗ ನಾನು ಹೇಳಿದೆ: “ಇಷ್ಟಕ್ಕೆಲ್ಲಾ ಫೋನ್ ಮಾಡ್ತೀಯಾ ಅಮ್ಮ?”

ಅಮ್ಮ “ಇಲ್ಲ ಬಿಡು, ಸಣ್ಣದು” ಅಂದು ಇಟ್ಟರು.

ತೀರ್ಥಹಳ್ಳಿ ಕಡೆ ಭಾನುವಾರ ಬರುವ ಪ್ಲಂಬರ್ ಯಾರಾದರೂ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ವಾಷರ್ ಒಂದೇ ಬದಲಿಸಬೇಕಿರುವುದು.