ಓಟ ಮುಗಿಯುವ ಹೊತ್ತಿಗೆ ಗೆರೆ ಸರಿಸಿದರೆ?

ಮೊನ್ನೆ ದಾವಣಗೆರೆಯಿಂದ ನನ್ನ ಹಳೇ ಟೀಮಿನ ಹುಡುಗನೊಬ್ಬ ಫೋನ್ ಮಾಡಿದ್ದ. ಪಿವಿಸಿ ಪೈಪ್ ಕಂಪನಿಯ ಸೇಲ್ಸ್‌ನಲ್ಲಿದ್ದವನು, ಈಗ ಬಿಟ್ಟಿದ್ದಾನೆ. "ಅಣ್ಣಾ, ಎಫ್‌ಎನ್‌ಎಫ್ ಬಂತು. ಇನ್ಸೆಂಟಿವ್ ಕಾಲಮ್‌ನಲ್ಲಿ ಸೊನ್ನೆ ಇದೆ" ಅಂದ. ಎಫ್‌ಎನ್‌ಎಫ್ ಅಂದರೆ ಕೆಲಸ ಬಿಟ್ಟವರಿಗೆ ಕಂಪನಿ ಮಾಡಿಕೊಡುವ ಕೊನೆಯ ಲೆಕ್ಕ. ಕಾಗದ ಎಲ್ಲಾ ಕಳಿಸು ಅಂದೆ. ಒಂದು ಸಂಜೆ ಕೂತು ಓದಿದೆ. ಸೇಲ್ಸ್‌ನಲ್ಲಿರುವವರಿಗೆ ಉಪಯೋಗ ಆಗಬಹುದು ಅಂತ ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅವನ ಸ್ಕೀಮ್ ಸರಳವಾಗಿತ್ತು. ಕ್ವಾರ್ಟರ್‌ಗೆ 60 ಲಕ್ಷ ಟಾರ್ಗೆಟ್. 80 ಪರ್ಸೆಂಟ್ ಮುಟ್ಟದಿದ್ದರೆ ಏನೂ ಇಲ್ಲ. 80 ದಾಟಿದರೆ ಮಾಡಿದ ಇಡೀ ಬಿಲ್ಲಿಂಗ್ ಮೇಲೆ ಅರ್ಧ ಪರ್ಸೆಂಟ್. 100 ಮುಟ್ಟಿದರೆ ಒಂದು ಪರ್ಸೆಂಟ್. ಜುಲೈನಿಂದ ಸೆಪ್ಟೆಂಬರ್‌ವರೆಗೆ ಹುಡುಗ 72 ಲಕ್ಷ ಮಾಡಿದ್ದ. ಲೆಕ್ಕಕ್ಕೆ 72,000 ರೂಪಾಯಿ ಬರಬೇಕು.

ಆದರೆ ಸೆಪ್ಟೆಂಬರ್ 18ಕ್ಕೆ ಹೆಡ್ ಆಫೀಸಿನಿಂದ ಮೇಲ್ ಬಂತು. ಟಾರ್ಗೆಟ್ 75 ಲಕ್ಷಕ್ಕೆ ಏರಿಸಿದ್ದೇವೆ, ಜುಲೈ 1ರಿಂದಲೇ ಅನ್ವಯ. ಆ ಮೇಲ್ ಬರುವ ಹೊತ್ತಿಗೆ ಹುಡುಗನ ಬಿಲ್ಲಿಂಗ್ 63 ಲಕ್ಷ ಆಗಿಹೋಗಿತ್ತು. ಅಂದರೆ 60 ದಾಟಿದ ಮೇಲೆ ಗೆರೆಯನ್ನು ಮುಂದಕ್ಕೆ ಎಳೆದಿದ್ದರು. ಹೊಸ ಲೆಕ್ಕದಲ್ಲಿ ಅವನ ಸಾಧನೆ 96 ಪರ್ಸೆಂಟ್. ಅರ್ಧ ಪರ್ಸೆಂಟ್ ಸ್ಲ್ಯಾಬ್. 72,000 ಇದ್ದದ್ದು 36,000 ಆಯಿತು.

ನನ್ನ ತಕರಾರು ಟಾರ್ಗೆಟ್ ಏರಿಸಿದ್ದಕ್ಕಲ್ಲ. ಮಾರ್ಕೆಟ್ ಬದಲಾಗುತ್ತೆ, ಒಂದು ದೊಡ್ಡ ಪ್ರಾಜೆಕ್ಟ್ ಆರ್ಡರ್ ಬಂದು ಯಾರದೋ ನಂಬರ್ ಸುಮ್ನೆ ಉಬ್ಬಿರುತ್ತೆ, ಕಂಪನಿಗೂ ಕಷ್ಟ ಇರುತ್ತೆ. "ಸ್ಕೀಮ್ ಬದಲಿಸುವ ಹಕ್ಕು ಕಂಪನಿಗಿದೆ" ಅನ್ನೋ ಸಾಲು ಎಲ್ಲಾ ಪಾಲಿಸಿಯಲ್ಲೂ ಇದ್ದೇ ಇರುತ್ತೆ. ಇನ್ನು ಮುಂದೆ ಬದಲಿಸುತ್ತೇವೆ ಅನ್ನುವುದು ಬೇರೆ. ನೀನು ಆಗಲೇ ದುಡಿದ ದಿನಗಳಿಗೂ ಸೇರಿಸಿ ಬದಲಿಸಿದ್ದೇವೆ ಅನ್ನುವುದೇ ಬೇರೆ. ಆ ಸಾಲು ಮೊದಲನೆಯದಕ್ಕೆ ಸಾಕು. ಎರಡನೆಯದಕ್ಕೆ ಅಷ್ಟು ಸುಲಭವಾಗಿ ಎಳೆಯಲು ಬರುವುದಿಲ್ಲ, ವಾದ ಇರುವುದೇ ಅಲ್ಲಿ.

ಮಧ್ಯದಲ್ಲಿ ಬದಲಿಸಲೇಬೇಕು ಅಂದರೆ ದಿನದ ಲೆಕ್ಕ ಹಾಕಬೇಕಿತ್ತು. ಕ್ವಾರ್ಟರ್‌ನಲ್ಲಿ 92 ದಿನ. ಮೊದಲ 79 ದಿನಕ್ಕೆ ಹಳೇ ಟಾರ್ಗೆಟ್, ಕೊನೆಯ 13 ದಿನಕ್ಕೆ ಹೊಸದು. ಕೂಡಿದರೆ ಸುಮಾರು 62 ಲಕ್ಷ ಬರುತ್ತೆ. 72 ಮಾಡಿದವನು ಅದನ್ನು ಆರಾಮಾಗಿ ದಾಟಿದ್ದಾನೆ. ಹುಡುಗನಿಗೆ ಈ ಲೆಕ್ಕ ಬರೆದುಕೊಟ್ಟೆ. ಎಚ್‌ಆರ್ ಜೊತೆ "ಅನ್ಯಾಯ ಆಗಿದೆ ಸರ್" ಅನ್ನುವುದಕ್ಕಿಂತ ಇಂಥ ನಾಲ್ಕು ಸಾಲಿನ ಲೆಕ್ಕಕ್ಕೆ ತೂಕ ಜಾಸ್ತಿ.

ಅವನು ಎಡವಿದ್ದು ಬೇರೆ ಕಡೆ. ಆ ಮೇಲ್‌ಗೆ ಉತ್ತರವನ್ನೇ ಕೊಟ್ಟಿರಲಿಲ್ಲ. ಹೊಸ ಟಾರ್ಗೆಟ್ ಹಿಡಿದುಕೊಂಡು ಸುಮ್ಮನೆ ಕೆಲಸ ಮಾಡಿದ. ನಾಳೆ ಕಂಪನಿ ಹೇಳುವುದೇ ಅದನ್ನು, ಒಪ್ಪಿಕೊಂಡೇ ಕೆಲಸ ಮಾಡಿದ್ದೀರಲ್ಲ ಅಂತ. ಜಗಳದ ಮೇಲ್ ಬೇಕಿರಲಿಲ್ಲ. "ಹೊಸ ಟಾರ್ಗೆಟ್‌ಗೆ ಕೆಲಸ ಮಾಡುತ್ತೇನೆ, ಆದರೆ ಜುಲೈ 1ರಿಂದ ಸೆಪ್ಟೆಂಬರ್ 17ರವರೆಗಿನ ಬಿಲ್ಲಿಂಗ್ ಹಳೇ ಸ್ಕೀಮ್‌ನಲ್ಲೇ ಲೆಕ್ಕ ಆಗಬೇಕು" ಅಂತ ಎರಡು ಸಾಲು ಅದೇ ವಾರ ಹೋಗಿದ್ದರೆ ಸಾಕಿತ್ತು.

(ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಏರಿಯಾ ನೋಡಿಕೊಳ್ಳುತ್ತಿದ್ದಾಗ ಇಂಥದ್ದೇ ಮೇಲ್ ಅನ್ನು ಟೀಮಿಗೆ ಫಾರ್ವರ್ಡ್ ಮಾಡಿದ್ದೇನೆ. ಕೆಳಗೆ "ಲೆಟ್ಸ್ ಪುಶ್ ಹಾರ್ಡ್" ಅಂತ ಬೇರೆ ಸೇರಿಸಿದ್ದೆ.)

ಸರಿ, 36,000ವಾದರೂ ಬರಬೇಕಿತ್ತಲ್ಲ? ಅದೂ ಬರಲಿಲ್ಲ. ಅಕ್ಟೋಬರ್ 1ಕ್ಕೆ ರಾಜೀನಾಮೆ ಕೊಟ್ಟ. 31 ಕೊನೆಯ ದಿನ. ಇನ್ಸೆಂಟಿವ್ ಬರುವುದು ನವೆಂಬರ್ ಸಂಬಳದ ಜೊತೆ. ಪಾಲಿಸಿಯ ಏಳನೇ ಪುಟದಲ್ಲಿ ಒಂದು ಸಾಲು: ಹಣ ಪಾವತಿಯಾಗುವ ದಿನ ನೌಕರ ರೋಲ್‌ನಲ್ಲಿ ಇರಬೇಕು, ಅಂದರೆ ಕೆಲಸ ಬಿಟ್ಟಿರಬಾರದು. ಅಷ್ಟೇ, ಸೊನ್ನೆ.

ಕಂಪನಿಯವರು ಇದನ್ನು ಜನರನ್ನು ಉಳಿಸಿಕೊಳ್ಳುವ ಉಪಾಯ ಅನ್ನುತ್ತಾರೆ. ವರ್ಷ ಪೂರ್ತಿ ಇದ್ದರೆ ಇಷ್ಟು ಅಂತ ಕೊಡುವ ಬೋನಸ್ ಆದರೆ ನನಗೂ ಒಪ್ಪಿಗೆ. ಆದರೆ ಬಿಲ್ಲಿನ ಮೇಲೆ ಒಂದು ಪರ್ಸೆಂಟ್ ಅಂದಮೇಲೆ ಅದು ಮಾಡಿದ ಕೆಲಸದ ಕೂಲಿ. ಕ್ವಾರ್ಟರ್ ಮುಗಿದ ಸೆಪ್ಟೆಂಬರ್ 30ರಂದು ಅವನು ರೋಲ್‌ನಲ್ಲೇ ಇದ್ದ. ಹಣ ಹಾಕಲು ಎರಡು ತಿಂಗಳು ತೆಗೆದುಕೊಂಡಿದ್ದು ಕಂಪನಿ. ಹಾಗಂತ ಆ ಸಾಲನ್ನು ಹಗುರ ಮಾಡಬೇಡಿ. ಸ್ಪಷ್ಟವಾಗಿ ಬರೆದು, ನಿಮ್ಮ ಸಹಿಯೂ ಇದ್ದರೆ ಕಂಪನಿಯ ಕೈ ಗಟ್ಟಿ.

ಕಾನೂನಿನ ಬಗ್ಗೆ ವಾಟ್ಸಾಪ್‌ನಲ್ಲಿ ಅರ್ಧ ಸುದ್ದಿ ಓಡಾಡುತ್ತಿದೆ. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ. ಅದರ 17ನೇ ಕಲಂ ಪ್ರಕಾರ ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನದೊಳಗೆ ವೇತನ ಕೊಡಬೇಕು. ಇದು ನಿಜ. ಆದರೆ ಅದೇ ಕಾನೂನು "ವೇತನ" ಅನ್ನುವ ಪದಕ್ಕೆ ಅರ್ಥ ಹೇಳುವಾಗ ಕಮಿಷನ್ ಅನ್ನು ಹೊರಗಿಟ್ಟಿದೆ. ಹೀಗೆ ಹೊರಗಿಟ್ಟ ಬಾಬ್ತುಗಳು ಒಟ್ಟು ಸಂಭಾವನೆಯ ಅರ್ಧಕ್ಕಿಂತ ಹೆಚ್ಚಾದರೆ, ಹೆಚ್ಚಾದಷ್ಟನ್ನು ಮಾತ್ರ ವೇತನಕ್ಕೆ ಸೇರಿಸಬೇಕು. ಹಾಗಾಗಿ ಬಾಕಿ ಸಂಬಳಕ್ಕೆ ಎರಡು ದಿನದ ಮಾತು ಜೋರಾಗಿ ಹೇಳಬಹುದು. ಇನ್ಸೆಂಟಿವ್‌ಗೆ ಅದೇ ಜೋರು ಇರುವುದಿಲ್ಲ.

ಇನ್ನೊಂದು, ಕಾರ್ಡಿನಲ್ಲಿ "ಏರಿಯಾ ಸೇಲ್ಸ್ ಮ್ಯಾನೇಜರ್" ಅಂತ ಇದ್ದ ಮಾತ್ರಕ್ಕೆ ಲೇಬರ್ ಆಫೀಸ್ ಬಾಗಿಲು ಮುಚ್ಚಿತು ಅಂದುಕೊಳ್ಳಬೇಡಿ. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮಾರಾಟ ಹೆಚ್ಚಿಸುವ ಕೆಲಸದವರೂ ಕಾರ್ಮಿಕರ ಲೆಕ್ಕಕ್ಕೆ ಬರುತ್ತಾರೆ. ನಿಜವಾಗಿ ಆಡಳಿತ ನಡೆಸುವವರು ಬರುವುದಿಲ್ಲ. ಕೈಕೆಳಗೆ ಒಬ್ಬರೂ ಇಲ್ಲದ, ಬೈಕಿನಲ್ಲಿ ಡೀಲರ್ ಅಂಗಡಿ ಸುತ್ತುವ ಮ್ಯಾನೇಜರ್ ಎಂಥ ಮ್ಯಾನೇಜರ್ ಹೇಳಿ! ಅಲ್ಲಿ ಆಗದಿದ್ದರೆ ಸಿವಿಲ್ ಕೋರ್ಟ್‌ನಲ್ಲಿ ವಸೂಲಿ ದಾವೆ, ಅದಕ್ಕೆ ಬಾಕಿ ಬಿದ್ದ ದಿನದಿಂದ ಮೂರು ವರ್ಷ ಅವಕಾಶ. ಆದರೆ 72,000ಕ್ಕೆ ವಕೀಲರ ಫೀಸು, ಓಡಾಟ ಲೆಕ್ಕ ಹಾಕಿದರೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಕಂಪನಿಗೂ ಇದು ಗೊತ್ತು.

ಹುಡುಗನ ಹತ್ತಿರ ಅಪಾಯಿಂಟ್‌ಮೆಂಟ್ ಲೆಟರ್, ಏಪ್ರಿಲ್‌ನ ಸ್ಕೀಮ್ ಲೆಟರ್, ಸೆಪ್ಟೆಂಬರ್‌ನ ಮೇಲ್, ಅವನದೇ ಅಚೀವ್‌ಮೆಂಟ್ ಶೀಟ್ ಎಲ್ಲದರ ಪ್ರಿಂಟ್ ಇತ್ತು. ಲ್ಯಾಪ್‌ಟಾಪ್ ವಾಪಸ್ ಕೊಡುವ ಮೊದಲೇ ತೆಗೆದಿಟ್ಟಿದ್ದ, ಜಾಣ. ಡೀಲರ್ ಲಿಸ್ಟ್ ಮಾತ್ರ ಮುಟ್ಟಿರಲಿಲ್ಲ. ಅದನ್ನು ಸ್ವಂತ ಮೇಲ್‌ಗೆ ಕಳಿಸಿಕೊಂಡಿದ್ದರೆ ಕಂಪನಿ ಅದನ್ನೇ ಹಿಡಿದು ಇವನನ್ನು ಕಳ್ಳ ಮಾಡುತ್ತಿತ್ತು. "ಯಾವ ಬಾಕಿಯೂ ಇಲ್ಲ" ಅನ್ನುವ ಎಫ್‌ಎನ್‌ಎಫ್ ಕಾಗದಕ್ಕೂ ಇನ್ನೂ ಸಹಿ ಹಾಕಿರಲಿಲ್ಲ. ಸಹಿಯ ಮೇಲೆ "ಎರಡನೇ ಕ್ವಾರ್ಟರ್ ಇನ್ಸೆಂಟಿವ್ ಬಾಕಿ ಬಿಟ್ಟು" ಅಂತ ಕೈಯಲ್ಲಿ ಬರೆಸಿದೆ. ಜೊತೆಗೆ ದಿನದ ಲೆಕ್ಕದ ಮೇಲ್ ಹೋಯಿತು, ಎಚ್‌ಆರ್‌ಗೂ ಫೈನಾನ್ಸ್‌ಗೂ.

ಮೂರು ವಾರಕ್ಕೆ 36,000 ಬಂತು, "ವಿಶೇಷ ಪ್ರಕರಣ" ಅಂತ. ಉಳಿದ ಅರ್ಧಕ್ಕೆ ಉತ್ತರ ಇಲ್ಲ.

ಹೊಸ ಕಂಪನಿಯ ಆಫರ್ ಲೆಟರ್ ಬಂದಾಗ ಹುಡುಗ ಸಂಬಳ ನೋಡುವ ಮೊದಲು ಇನ್ಸೆಂಟಿವ್ ಪುಟ ತೆಗೆದ. ಅಲ್ಲೂ ಅದೇ ಸಾಲು. "ಪಾವತಿ ದಿನ" ಅನ್ನುವುದನ್ನು "ಕ್ವಾರ್ಟರ್‌ನ ಕೊನೆಯ ದಿನ" ಅಂತ ಮಾಡಿಕೊಡಿ ಅಂದನಂತೆ. ಲೆಟರ್ ಬದಲಿಸಲು ಆಗಲ್ಲ, ಮೇಲ್‌ನಲ್ಲಿ ಬರೆದುಕೊಡುತ್ತೇವೆ ಅಂದರಂತೆ. ಆ ಮೇಲ್ ಬಂದ ಮೇಲೇ ಸಹಿ ಹಾಕಿದ್ದು.