ಅಕ್ಟೋಬರ್ ಚೀಟಿಯ 32,413 ರೂಪಾಯಿ

ನನ್ನ ಅಕ್ಕನ ಮಗ ಬಳ್ಳಾರಿ ಸಮೀಪದ ಖಾಸಗಿ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ. ಕಳೆದ ದೀಪಾವಳಿಯ ನಂತರ ಮನೆಗೆ ಬಂದವನು 2025ರ ಅಕ್ಟೋಬರ್‌ನ ಸಂಬಳದ ಚೀಟಿಯನ್ನು ಮುಂದಿಟ್ಟು, "ಮಾಮ, ಬೋನಸ್ ಬಂತು ಅನ್ನೋದ್ರಾಗ ತೆರಿಗೆ ನುಂಗಿಬಿಡ್ತು ನೋಡು" ಎಂದ. ಸೆಪ್ಟೆಂಬರ್‌ವರೆಗೆ ಸೊನ್ನೆಯಿದ್ದ ಟಿಡಿಎಸ್, ಅಂದರೆ ಸಂಬಳದಲ್ಲೇ ಹಿಡಿಯುವ ಆದಾಯ ತೆರಿಗೆ, ಅಕ್ಟೋಬರ್‌ನಲ್ಲಿ ಏಕಾಏಕಿ 32,413 ರೂಪಾಯಿ ಆಗಿತ್ತು.

ಮೊದಲು ಸೊನ್ನೆ ಇದ್ದದ್ದು ಸರಿಯೇ. ತಿಂಗಳಿಗೆ 1,05,000ದಂತೆ ವರ್ಷಕ್ಕೆ 12,60,000. ಹೊಸ ತೆರಿಗೆ ಪದ್ಧತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ ಉಳಿಯುವುದು 11,85,000. ಇದು 12 ಲಕ್ಷದೊಳಗೆ ಇರುವುದರಿಂದ ರಿಬೇಟ್ ಸಿಕ್ಕಿ ತೆರಿಗೆ ಬರುವುದಿಲ್ಲ. ಅಕ್ಟೋಬರ್‌ನಲ್ಲಿ ಮೂರು ಸಂಗತಿ ಒಟ್ಟಿಗೆ ನಡೆದವು: ಸಂಬಳ 1,10,000ಕ್ಕೆ ಏರಿತು, ಏಪ್ರಿಲ್‌ನಿಂದ ಆರು ತಿಂಗಳ ಏರಿಕೆಯ ಬಾಕಿ, ಅಂದರೆ ಅರಿಯರ್ಸ್, 30,000 ಬಂತು, ಬೋನಸ್ 90,000 ಬಂತು.

ಕಂಪನಿಯು ತೆರಿಗೆಯನ್ನು ಆ ತಿಂಗಳ ಸಂಬಳದ ಮೇಲೆ ಹಾಕುವುದಿಲ್ಲ. ಇಡೀ ವರ್ಷದ ಆದಾಯವನ್ನು ಅಂದಾಜು ಮಾಡಿ, ಅದರ ತೆರಿಗೆಯಲ್ಲಿ ಈಗಾಗಲೇ ಹಿಡಿದದ್ದನ್ನು ಕಳೆದು, ಉಳಿದ ತಿಂಗಳುಗಳಿಗೆ ಹಂಚುತ್ತದೆ. ಆದ್ದರಿಂದ ಕಂಪನಿ ಹಿಡಿದ ಮೊತ್ತವನ್ನು ಬಿಟ್ಟು, ನಾನು ತೆರಿಗೆ ಲೆಕ್ಕದ ಹಾಳೆಯಲ್ಲಿದ್ದ ವಾರ್ಷಿಕ ಅಂದಾಜನ್ನೇ ನೋಡಿದೆ. ಅಲ್ಲಿ 20,10,000 ಎಂದಿತ್ತು. ನಮ್ಮ ಲೆಕ್ಕದಲ್ಲಿ ಮೊದಲ ಆರು ತಿಂಗಳಿಗೆ 6,30,000, ನಂತರದ ಆರಕ್ಕೆ 6,60,000, ಅರಿಯರ್ಸ್ ಮತ್ತು ಬೋನಸ್ ಸೇರಿ 1,20,000. ಒಟ್ಟು 14,10,000 ಮಾತ್ರ.

ವ್ಯತ್ಯಾಸ ಸರಿಯಾಗಿ 6,00,000. ಅದನ್ನು ಇನ್ನೂ ಬಾರದ ಐದು ತಿಂಗಳುಗಳಿಂದ ಭಾಗಿಸಿದರೆ 1,20,000 ಬರುತ್ತದೆ. ಕಳ್ಳ ಸಿಕ್ಕಿಬಿದ್ದದ್ದು ಅಲ್ಲಿಯೇ. ಒಮ್ಮೆ ಮಾತ್ರ ಬರುವ ಬೋನಸ್ಸನ್ನೂ ಅರಿಯರ್ಸನ್ನೂ ಸಾಫ್ಟ್‌ವೇರು ಮಾರ್ಚ್‌ವರೆಗೆ ಪ್ರತಿ ತಿಂಗಳೂ ಬರುವ ಸಂಬಳವೆಂದು ಎಣಿಸಿತ್ತು. ವೇತನದ ಆ ಎರಡು ಬಾಬ್ತುಗಳನ್ನು ಖಾಯಂ ಎಂದು ಗುರುತು ಮಾಡಿದ್ದರೆ ಹೀಗಾಗುತ್ತದೆ. ವ್ಯತ್ಯಾಸ ಬರೀ 30,000 ಆಗಿದ್ದರೆ, ಅರಿಯರ್ಸನ್ನು ಎರಡು ಸಲ ಸೇರಿಸಿದ್ದಾರೆಯೇ ಎಂದು ಹುಡುಕುತ್ತಿದ್ದೆ.

ಹಾಗೆಂದು ತೆರಿಗೆಯೇ ಇಲ್ಲವೆಂದಲ್ಲ, ಹುಡುಗನಿಗೆ ಇದನ್ನು ಒಪ್ಪಿಸುವುದೇ ಕಷ್ಟವಾಯಿತು. 14,10,000ದಲ್ಲಿ 75,000 ಕಳೆದರೆ 13,35,000. ರಿಬೇಟಿನ ಗಡಿ ದಾಟಿತು. ನಾಲ್ಕರಿಂದ ಎಂಟು ಲಕ್ಷದವರೆಗೆ 20,000, ಎಂಟರಿಂದ ಹನ್ನೆರಡರವರೆಗೆ 40,000, ಮೇಲಿನ 1,35,000ಕ್ಕೆ ಶೇ. 15ರಂತೆ 20,250, ಶೇ. 4 ಸೆಸ್ ಸೇರಿಸಿ 83,460. ಆರು ತಿಂಗಳಿಗೆ ಹಂಚಿದರೆ 13,910. ಅರಿಯರ್ಸ್ ಹಿಂದಿನ ವರ್ಷದ್ದಾಗಿದ್ದರೆ 10ಇ ನಮೂನೆ ತುಂಬಿ ಪರಿಹಾರ ಕೇಳಬಹುದಿತ್ತು. ಎಲ್ಲವೂ ಇದೇ ವರ್ಷದ್ದಾದ್ದರಿಂದ ಆ ದಾರಿ ಇರಲಿಲ್ಲ.

ಅವನು ಎರಡು ಸಾಲಿನ ಪತ್ರದಲ್ಲಿ 6,00,000 ಭಾಗಿಸು 5 ಎಂಬ ಲೆಕ್ಕವನ್ನಷ್ಟೇ ಬರೆದು ವೇತನ ವಿಭಾಗಕ್ಕೆ ಕಳಿಸಿದ. ಹೆಚ್ಚು ಹಿಡಿದದ್ದನ್ನು ಅದೇ ವರ್ಷದ ಮುಂದಿನ ತಿಂಗಳುಗಳಲ್ಲಿ ಸರಿಹೊಂದಿಸಲು ಕಾನೂನಿನಲ್ಲಿಯೇ ಅವಕಾಶವಿದೆ. 83,460ರಲ್ಲಿ 32,413 ಹೋಗಿ ಉಳಿದ 51,047ನ್ನು ಐದು ತಿಂಗಳಿಗೆ ಹಂಚಿದರು. ನವೆಂಬರ್ ಚೀಟಿಯಲ್ಲಿ ಟಿಡಿಎಸ್ 10,209 ಎಂದು ಬಂತು.