ಇವತ್ತು ಬೆಳಿಗ್ಗೆ ನಾನು ಹಾಕಿದ ನೋಟಿಸ್ ಮತ್ತು ತಿಂದ ಬೈಗುಳ

"ರಾತ್ರಿ ಕರೆಂಟ್ ಹೋಗಿದ್ದರಿಂದ ಪಂಪ್ ಟೈಮರ್ ಕೆಟ್ಟಿದೆ. ಟ್ಯಾಂಕ್ ತುಂಬುವುದು ತಡವಾಗುತ್ತದೆ. ದಯವಿಟ್ಟು ಸಹಕರಿಸಿ."

ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿಗೆ ಬೆಳಿಗ್ಗೆ 6:42ಕ್ಕೆ ನಾನು ಕಳಿಸಿದ ನೋಟಿಸ್ ಇದು. ಐದು ನಿಮಿಷದೊಳಗೆ ಮೂರನೇ ಮಹಡಿಯ ಆಂಟಿ ಫೋನ್ ಮಾಡಿದರು. "ತಡ ಅಂದ್ರೆ ಎಷ್ಟು ಹೊತ್ತಪ್ಪಾ? ಮಗು ತಲೆಗೆ ಶಾಂಪೂ ಹಾಕಿ ಕೂರಿಸಿದೀನಿ." ಉತ್ತರ ನನ್ನ ಹತ್ತಿರ ಇರಲಿಲ್ಲ. ನೋಟಿಸ್ ಬರೆಯುವಾಗ ನಾನಿನ್ನೂ ಪಂಪ್ ರೂಮಿಗೇ ಇಳಿದಿರಲಿಲ್ಲ. ವಾಚ್‌ಮನ್ "ಟೈಮರ್ ಹೋಗಿದೆ ಸಾರ್" ಅಂದ, ನಾನು ಅದನ್ನೇ ಟೈಪ್ ಮಾಡಿದೆ.

ಆಮೇಲೆ ಚಪ್ಪಲಿ ಹಾಕಿಕೊಂಡು ಕೆಳಗೆ ಹೋದೆ. ಟೈಮರ್ ಕೆಟ್ಟಿರಲೇ ಇಲ್ಲ. ಅದರ ಪುಟ್ಟ ಪರದೆಯಲ್ಲಿ ಅಂಕಿಗಳು ಆರಾಮಾಗಿ ಓಡುತ್ತಿದ್ದವು. ನನ್ನ ವಾಚಿನಲ್ಲಿ 6:50 ಆಗಿದ್ದಾಗ ಅದರಲ್ಲಿ 3:00! ಅಂದರೆ ಮಧ್ಯರಾತ್ರಿಯಿಂದ ಲೆಕ್ಕ ಶುರು ಮಾಡಿ ಅದಕ್ಕೆ ಮೂರು ಗಂಟೆ ಆಗಿತ್ತು. ಹಿಂದಕ್ಕೆ ಎಣಿಸಿದರೆ ಕರೆಂಟ್ ವಾಪಸ್ ಬಂದದ್ದು 3:50ಕ್ಕೆ. ಮಳೆಗೆ ಕರೆಂಟ್ ಹೋದದ್ದು ಹನ್ನೊಂದೂಕಾಲರ ಹೊತ್ತಿಗೆ. ನಾಲ್ಕೂವರೆ ಗಂಟೆ ಕತ್ತಲಲ್ಲಿದ್ದು, ಎದ್ದ ಕೂಡಲೇ ಸೊನ್ನೆಯಿಂದ ಎಣಿಸತೊಡಗಿದೆ ಪಾಪ. ಬೆಳಗಿನ 4:30ಕ್ಕೆ ಪಂಪ್ ಹಾಕು ಅಂತ ನಾವು ಹೇಳಿಟ್ಟಿದ್ದೆವಲ್ಲ, ಅದರ ಪ್ರಕಾರ 4:30 ಆಗುವುದು ನಮ್ಮ 8:20ಕ್ಕೆ. ಗಡಿಯಾರ ಸರಿ ಮಾಡದೆ ಬಿಟ್ಟಿದ್ದರೆ ನಾಳೆಯೂ 8:20ಕ್ಕೇ ಪಂಪ್ ಹಾಕುತ್ತಿತ್ತು.

ಇಂಥ ಡಿಜಿಟಲ್ ಟೈಮರ್ ಒಳಗೆ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಕರೆಂಟ್ ಹೋದಾಗ ಗಡಿಯಾರ ನಿಲ್ಲದಂತೆ ಕಾಯುವುದೇ ಅದರ ಕೆಲಸ. ಹೊಸದಿದ್ದಾಗ ದಿನಗಟ್ಟಲೆ ತಡೆಯುತ್ತದೆ, ವರ್ಷಗಳು ಕಳೆದಂತೆ ಗಂಟೆಗೆ ಇಳಿಯುತ್ತದೆ, ಕೊನೆಗೆ ನಿಮಿಷಕ್ಕೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಕರೆಂಟ್ ಹೋದಾಗೆಲ್ಲ ನಮ್ಮದು ಹೇಗೋ ಸುಧಾರಿಸಿಕೊಂಡಿತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ನಿಮ್ಮಲ್ಲೂ ಇಂಥದ್ದಿದ್ದರೆ ಒಂದು ಭಾನುವಾರ ಮಧ್ಯಾಹ್ನ, ಟ್ಯಾಂಕ್ ತುಂಬಿರುವಾಗ, ಪ್ಯಾನೆಲ್‌ನ ಎಂಸಿಬಿ ಇಳಿಸಿ ಮೂರ್ನಾಲ್ಕು ಗಂಟೆ ಬಿಟ್ಟು ಮತ್ತೆ ಹಾಕಿ ನೋಡಿ. ಸಮಯ ಸರಿಯಿದ್ದರೆ ಬ್ಯಾಟರಿ ಬದುಕಿದೆ.

"ಜನರೇಟರ್ ಇದೆಯಲ್ಲ, ಅದೇನು ಮಾಡ್ತಿತ್ತು?" ಅಂತ ಎರಡನೇ ಮಹಡಿಯವರು ಕೇಳಿದರು. ನಮ್ಮ ಜನರೇಟರ್‌ಗೆ ಲಿಫ್ಟ್ ಮತ್ತು ಮೆಟ್ಟಿಲ ದೀಪಗಳು ಮಾತ್ರ ಸೇರಿವೆ. ಮೋಟಾರ್ ಚಾಲೂ ಆಗುವ ಕ್ಷಣದಲ್ಲಿ ಮಾಮೂಲಿಗಿಂತ ಆರು ಪಟ್ಟು ಕರೆಂಟ್ ಎಳೆಯುತ್ತದೆ. ಅದನ್ನು ತಡೆಯುವಷ್ಟು ದೊಡ್ಡ ಜನರೇಟರ್ ಬೇಡ ಅಂತ ಕಟ್ಟಿಸಿದವರೇ ಉಳಿಸಿದ ದುಡ್ಡು ಅದು.

ಪ್ಯಾನೆಲ್‌ನ ಗುಂಡಿಯನ್ನು ಆಟೋದಿಂದ ಮ್ಯಾನುವಲ್‌ಗೆ ತಿರುಗಿಸಿದೆವು, 6:55ಕ್ಕೆ ಪಂಪ್ ಓಡಿತು. ಎಲ್ಲ ಮುಗಿಯಿತು ಅಂದುಕೊಂಡೆ. ಏಳೂಕಾಲಾದರೂ ನಾಲ್ಕನೇ ಮಹಡಿಯಲ್ಲಿ ಹನಿ ನೀರಿಲ್ಲ! "ಪಂಪ್ ಓಡ್ತಿದೆ ಅಂತೀರ, ನೀರೆಲ್ಲಿ ಸಾರ್?" ಅಂತ ಅಲ್ಲಿಂದ ಫೋನ್. ಲೆಕ್ಕ ಸರಳ. ನಮ್ಮ ಪಂಪ್ ಎತ್ತುವುದು ನಿಮಿಷಕ್ಕೆ ಸುಮಾರು 150 ಲೀಟರ್. ಒಂದು ನಲ್ಲಿ ಪೂರ್ತಿ ತಿರುಗಿಸಿದರೆ ನಿಮಿಷಕ್ಕೆ ಒಂಬತ್ತು ಹತ್ತು ಲೀಟರ್ ಹೋಗುತ್ತದೆ. ಮೂವತ್ತೆರಡು ಮನೆಗಳಲ್ಲಿ ಹದಿನಾರು ಮನೆಯವರು ಒಂದೊಂದೇ ನಲ್ಲಿ ಬಿಟ್ಟುಕೊಂಡು "ಬರುತ್ತೇನೋ" ಅಂತ ಕಾಯುತ್ತಿದ್ದರೂ ಬಂದ ನೀರು ಬಂದಂತೆಯೇ ಇಳಿದುಹೋಗುತ್ತದೆ, ಟ್ಯಾಂಕಿನ ಮಟ್ಟ ಬೆರಳಷ್ಟೂ ಏರುವುದಿಲ್ಲ. ಖಾಲಿ ಟ್ಯಾಂಕಿನಿಂದ ಬೀಳುವ ಅಷ್ಟಿಷ್ಟು ನೀರು ಮೊದಲು ಕೆಳಗಿನ ಮಹಡಿಗೇ ಓಡುತ್ತದೆ. ಟ್ಯಾಂಕಿಗೆ ಹತ್ತಿರವಿದ್ದೂ ನಾಲ್ಕನೆಯವರಿಗೆ ಒತ್ತಡವೇ ಸಿಗುವುದಿಲ್ಲ.

ಆಗ ಹಾಕಿದ್ದು ಎರಡನೇ ನೋಟಿಸ್. "ಪಂಪ್ 6:55ಕ್ಕೆ ಶುರುವಾಗಿದೆ. ಎಲ್ಲರೂ 7:45ರವರೆಗೆ ನಲ್ಲಿ ಮುಚ್ಚಿಡಿ, ಆಮೇಲೆ ಎಲ್ಲ ಮಹಡಿಗೂ ಬರುತ್ತದೆ. ನೀರಿಲ್ಲದ ಹೊತ್ತಲ್ಲಿ ಗೀಸರ್ ಹಾಕಬೇಡಿ. ತುರ್ತಿದ್ದವರಿಗೆ ಸಂಪಿನಿಂದ ಬಕೆಟ್‌ನಲ್ಲಿ ತುಂಬಿಕೊಡಲಾಗುತ್ತದೆ." ಇದಕ್ಕೆ ಒಬ್ಬರೂ ಬೈಯಲಿಲ್ಲ. ಶಾಂಪೂ ಮಗುವಿಗೆ ವಾಚ್‌ಮನ್ ಎರಡು ಬಕೆಟ್ ಹೊತ್ತುಕೊಂಡು ಹೋಗಿ ಕೊಟ್ಟ. "ಸಹಕರಿಸಿ" ಅಂದರೆ ಏನು ಮಾಡಬೇಕು ಅಂತ ಯಾರಿಗೆ ಗೊತ್ತಾಗುತ್ತೆ ಹೇಳಿ? ನಲ್ಲಿ ಮುಚ್ಚಿ ಅಂದರೆ ಮುಚ್ಚುತ್ತಾರೆ.

ನನ್ನ ನಿಜವಾದ ತಕರಾರು ಇರುವುದು ಟೈಮರ್ ಮೇಲೇ. ಅದಕ್ಕೆ ಗಂಟೆ ಗೊತ್ತು, ನೀರು ಗೊತ್ತಿಲ್ಲ. ದೀಪಾವಳಿಗೆ ಅರ್ಧ ಕಟ್ಟಡ ಊರಿಗೆ ಹೋಗಿದ್ದಾಗ ಟ್ಯಾಂಕ್ ತುಂಬಿ ಚೆಲ್ಲುತ್ತಿದ್ದರೂ 5:30ರವರೆಗೆ ಪಂಪ್ ಓಡುತ್ತಲೇ ಇತ್ತು. ಇವತ್ತು ಟ್ಯಾಂಕ್ ತಳ ಕಂಡರೂ ಓಡಲಿಲ್ಲ. ಎರಡೂ ಒಂದೇ ಕಾಯಿಲೆ. ಇದನ್ನು ಹಾಕಿಸಿದವರಲ್ಲಿ ನಾನೂ ಒಬ್ಬ, ವಾಚ್‌ಮನ್ ಬೆಳಗಿನ ನಿದ್ದೆ ಕೆಡಿಸಬಾರದು ಅಂತ.

ಟೈಮರ್ ಕಿತ್ತು ಬಿಸಾಕಿ ಅಂತ ನಾನು ಹೇಳುತ್ತಿಲ್ಲ. ಜನ ಏಳುವ ಮೊದಲೇ ಟ್ಯಾಂಕ್ ತುಂಬಿರಬೇಕು ಅಂದರೆ ಅದು ಬೇಕು. ಆದರೆ ಅದರ ಜೊತೆಗೆ ಟ್ಯಾಂಕಿನೊಳಗೆ ಒಂದು ಫ್ಲೋಟ್ ಸ್ವಿಚ್ ತೂಗುಬಿಡಬೇಕು. ನೀರು ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದರೆ ಗಂಟೆ ಎಷ್ಟೇ ಆಗಿರಲಿ ಪಂಪ್ ಹಾಕುತ್ತದೆ. ತುಂಬಿದಾಗ ನಿಲ್ಲಿಸಲು ಮೇಲೆ ಇನ್ನೊಂದು, ಅದರ ಮಾತನ್ನು ಟೈಮರ್ ಕೂಡ ಕೇಳಬೇಕು. ಸಂಪಿನಲ್ಲಿ ಮತ್ತೊಂದು ಇರಲೇಬೇಕು. ನಮಗೆ ಕಾವೇರಿ ನೀರು ದಿನ ಬಿಟ್ಟು ದಿನ, ಬಾರದ ದಿನ ಸಂಪ್ ಖಾಲಿಯಾಗಿ ಪಂಪ್ ಒಣ ಓಡಿದರೆ ಸೀಲ್ ಸುಟ್ಟುಹೋಗುತ್ತದೆ. ಆಮೇಲೆ ಬರೆಯುವ ನೋಟಿಸ್ ಒಂದು ದಿನದ್ದಲ್ಲ, ಮೂರು ದಿನದ್ದು.

ಒಂದು ವಿಷಯದಲ್ಲಿ ಮಾತ್ರ ಎಲೆಕ್ಟ್ರೀಷಿಯನ್ ಜೊತೆ ಜಗಳವಾಡಿದೆ. ಅವನು ಫ್ಲೋಟ್‌ಗೆ ನೇರ 230 ವೋಲ್ಟ್ ಎಳೆದುಬಿಡ್ತೀನಿ ಅಂದ, ಅಗ್ಗ ಆಗುತ್ತಂತೆ. ಟ್ಯಾಂಕ್ ತೊಳೆಯಲು ಮನುಷ್ಯರು ಒಳಗೆ ಇಳಿಯುತ್ತಾರೆ ಮಾರಾಯಾ! 24 ವೋಲ್ಟ್ ರಿಲೇ ಹಾಕು ಅಂದೆ. ಫ್ಲೋಟ್ ಕೂಡ ಒಮ್ಮೊಮ್ಮೆ ಏಣಿಗೋ ಪೈಪಿಗೋ ಸಿಕ್ಕಿಕೊಂಡು ಅಲ್ಲೇ ಕೂರುತ್ತದೆ, ತಿಂಗಳಿಗೊಮ್ಮೆ ಮೇಲೆ ಹತ್ತಿ ಕೈಯಲ್ಲಿ ಎತ್ತಿ ಬಿಟ್ಟು ನೋಡಬೇಕು.

ಖರ್ಚಿನ ಪಟ್ಟಿ ಭಾನುವಾರದ ಮೀಟಿಂಗ್‌ಗೆ ತರುತ್ತಿದ್ದೇನೆ. "ಟೈಮರ್‌ಗೆ ಹೊಸ ಬ್ಯಾಟರಿ ಹಾಕಿದರೆ ಸಾಲದಾ?" ಅನ್ನುವವರು ಇದ್ದೇ ಇರುತ್ತಾರೆ. ಅಲ್ಲಿಯವರೆಗೆ ವಾಚ್‌ಮನ್ ಪ್ಯಾನೆಲ್ ಬಾಗಿಲಿಗೆ ರಟ್ಟಿನ ತುಂಡೊಂದನ್ನು ಅಂಟಿಸಿದ್ದಾನೆ. ಅದರಲ್ಲಿ ಸ್ಕೆಚ್ ಪೆನ್ನಿನಲ್ಲಿ ಬರೆದಿದೆ: "ಕರೆಂಟ್ ಬಂದ್ರೆ ಇದರ ಟೈಮೂ ನಿನ್ನ ಮೊಬೈಲ್ ಟೈಮೂ ಒಂದೇನಾ ನೋಡು."